ಒಂದೇ ದೇಹ, ನಾಲ್ಕು ಅಂಕಿ: ಕೊಬ್ಬಿನ ಶೇಕಡಾವಾರು ಲೆಕ್ಕವನ್ನು ಎಷ್ಟು ನಂಬಬಹುದು?

2025ರ ಜನವರಿಯಲ್ಲಿ ಬೊಜ್ಜಿನ ಬಗ್ಗೆ ಎರಡು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಒಂದು, ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ನೇಮಿಸಿದ್ದ ಅಂತರರಾಷ್ಟ್ರೀಯ ತಜ್ಞರ ಆಯೋಗದ ವರದಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿಎಂಐ ಒಂದನ್ನೇ ನೋಡಿ ಒಬ್ಬರಿಗೆ ಬೊಜ್ಜಿದೆ ಎಂದು ಹೇಳಬಾರದು ಎಂಬುದು ಅದರ ಸಲಹೆ. ಸೊಂಟದ ಸುತ್ತಳತೆಯನ್ನಾದರೂ ಜೊತೆಗೆ ನೋಡಬೇಕು, ಸೌಲಭ್ಯ ಇದ್ದರೆ ಕೊಬ್ಬನ್ನೇ ನೇರವಾಗಿ ಅಳೆಯಬೇಕು ಎಂದು ಅದು ಹೇಳಿತು. ಇನ್ನೊಂದು, ದೆಹಲಿಯ ಏಮ್ಸ್ ಮತ್ತು ಫೋರ್ಟಿಸ್ ಸಿ-ಡಾಕ್ ಆಸ್ಪತ್ರೆಯ ವೈದ್ಯರು ಸೇರಿ ಭಾರತೀಯರಿಗಾಗಿ ಪರಿಷ್ಕರಿಸಿದ ಬೊಜ್ಜಿನ ವ್ಯಾಖ್ಯೆ. ಅದರಲ್ಲೂ ಬಿಎಂಐ 23 ದಾಟಿದೆಯೇ ಎಂಬುದರ ಜೊತೆಗೆ ಹೊಟ್ಟೆಯ ಕೊಬ್ಬಿಗೆ ಪ್ರತ್ಯೇಕ ಜಾಗ ಸಿಕ್ಕಿತು.

ಇಷ್ಟಾದ ಮೇಲೆ ಜನ ಕೇಳುವ ಪ್ರಶ್ನೆ ಸಹಜವಾದದ್ದೇ: ಹಾಗಾದರೆ ನನ್ನ ಮೈಯಲ್ಲಿ ಕೊಬ್ಬು ಶೇಕಡಾ ಎಷ್ಟಿದೆ? ಉತ್ತರ ಹುಡುಕಿ ಹೊರಟವರಿಗೆ ಗೊಂದಲ ಶುರುವಾಗುವುದು ಇಲ್ಲೇ. ಮನೆಯಲ್ಲಿ ಟೇಪು ಹಿಡಿದು ಮೊಬೈಲಿನಲ್ಲಿ ಲೆಕ್ಕ ಹಾಕಿದರೆ ಒಂದು ಅಂಕಿ, ಜಿಮ್‌ನಲ್ಲಿ ತರಬೇತುದಾರ ಕ್ಯಾಲಿಪರ್‌ನಲ್ಲಿ ಚಿವುಟಿ ಹೇಳುವುದು ಇನ್ನೊಂದು, ಅಲ್ಲೇ ಮೂಲೆಯಲ್ಲಿರುವ ಯಂತ್ರದ ಮೇಲೆ ನಿಂತರೆ ಮತ್ತೊಂದು, ಲ್ಯಾಬಿನ ಡೆಕ್ಸಾ ಸ್ಕ್ಯಾನ್ ವರದಿಯಲ್ಲಿ ಮಗದೊಂದು. ನಾಲ್ಕರ ನಡುವೆ ಐದಾರು ಅಂಶಗಳ ವ್ಯತ್ಯಾಸ ಬರುವುದು ಅಪರೂಪವಲ್ಲ. (ಶೇ. 24 ಇದ್ದದ್ದು ಶೇ. 25 ಆದರೆ ಅದನ್ನು ಈ ಲೇಖನದಲ್ಲಿ ಒಂದು ಅಂಶ ಎಂದು ಕರೆದಿದೆ.) ಯಾವುದು ಸರಿ ಎಂದು ಕೇಳುವ ಮೊದಲು ಇವುಗಳಲ್ಲಿ ಪ್ರತಿಯೊಂದೂ ನಿಜವಾಗಿ ಏನನ್ನು ಅಳೆಯುತ್ತದೆ ಎಂದು ನೋಡಬೇಕು.

## ಕೊಬ್ಬನ್ನು ಯಾರೂ ಅಳೆಯುತ್ತಿಲ್ಲ

ಬದುಕಿರುವ ಮನುಷ್ಯನ ಕೊಬ್ಬನ್ನು ಬೇರ್ಪಡಿಸಿ ತಕ್ಕಡಿಗೆ ಹಾಕಲು ಆಗುವುದಿಲ್ಲ. ಹಾಗಾಗಿ ಪ್ರತಿ ವಿಧಾನವೂ ಬೇರೇನನ್ನೋ ಅಳೆದು, ಅದರಿಂದ ಕೊಬ್ಬನ್ನು ಊಹಿಸುತ್ತದೆ. ಟೇಪು ಅಳೆಯುವುದು ಸುತ್ತಳತೆಯನ್ನು. ಕ್ಯಾಲಿಪರ್ ಅಳೆಯುವುದು ಚರ್ಮದ ಮಡಿಕೆಯ ದಪ್ಪವನ್ನು. ಜಿಮ್‌ನ ಯಂತ್ರ ಅಳೆಯುವುದು ಮೈಯೊಳಗೆ ಹರಿಯುವ ವಿದ್ಯುತ್ತಿಗೆ ಎದುರಾಗುವ ಅಡ್ಡಿಯನ್ನು. ಡೆಕ್ಸಾ ಅಳೆಯುವುದು ಎಕ್ಸ್-ರೇ ಕಿರಣ ದೇಹದಲ್ಲಿ ಎಷ್ಟು ಕುಂದಿತು ಎಂಬುದನ್ನು. ಇಲ್ಲಿಂದ ಮುಂದೆ ಶೇಕಡಾವಾರಿಗೆ ದಾಟಿಸುವುದು ಒಂದು ಸಮೀಕರಣ, ಮತ್ತು ಆ ಸಮೀಕರಣವನ್ನು ಕಟ್ಟಿರುವುದು ಬೇರೆ ಯಾರದೋ ದೇಹಗಳ ಮೇಲೆ.

ಹಳೆಯ ಸಮೀಕರಣಗಳ ಬೇರು ನೀರಿನ ತೊಟ್ಟಿಯಲ್ಲಿದೆ. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್‌ಕೆ 1940ರ ದಶಕದ ಆರಂಭದಲ್ಲಿ ಜನರನ್ನು ನೀರಿನೊಳಗೆ ಮುಳುಗಿಸಿ ತೂಗುವ ಕ್ರಮವನ್ನು ಬಳಕೆಗೆ ತಂದರು. ಕೊಬ್ಬು ನೀರಿಗಿಂತ ಹಗುರ. ಸ್ನಾಯು, ಮೂಳೆ ಭಾರ. ನೀರಿನಲ್ಲಿ ತೂಕ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ದೇಹದ ಸಾಂದ್ರತೆ ಸಿಗುತ್ತದೆ. ಸಾಂದ್ರತೆಯಿಂದ ಕೊಬ್ಬಿಗೆ ಹೋಗಲು ಇಂದಿಗೂ ಬಳಕೆಯಲ್ಲಿರುವುದು ವಿಲಿಯಂ ಸಿರಿ 1961ರಲ್ಲಿ ಕೊಟ್ಟ ಸೂತ್ರ: 495ನ್ನು ಸಾಂದ್ರತೆಯಿಂದ ಭಾಗಿಸಿ 450 ಕಳೆಯಬೇಕು. ಕೊಬ್ಬಿನ ಸಾಂದ್ರತೆ 0.9, ಉಳಿದ ದೇಹದ್ದು 1.1 ಎಂದು ಅದು ಹಿಡಿದುಕೊಳ್ಳುತ್ತದೆ. ಮೊದಲನೆಯದರಲ್ಲಿ ತಕರಾರಿಲ್ಲ, ಕೊಬ್ಬು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಉಳಿದ ದೇಹ ಎಲ್ಲರದೂ ಒಂದೇ ಅಲ್ಲ. ವಯಸ್ಸಾದಂತೆ ಮೂಳೆ ಟೊಳ್ಳಾಗುತ್ತದೆ, ಮೈಯ ನೀರಿನ ಪಾಲು ಬದಲಾಗುತ್ತದೆ. ಮೂಳೆ ಬಹಳ ಗಟ್ಟಿ ಇರುವ ಕ್ರೀಡಾಪಟುಗಳಿಗೆ ಈ ಸೂತ್ರ ಕೆಲವೊಮ್ಮೆ ಸೊನ್ನೆಗಿಂತ ಕಡಿಮೆ ಕೊಬ್ಬು ತೋರಿಸಿದ್ದೂ ಉಂಟು.

ಟೇಪು ಮತ್ತು ಕ್ಯಾಲಿಪರ್‌ನ ಪ್ರಸಿದ್ಧ ಸೂತ್ರಗಳೆಲ್ಲ ಈ ತೊಟ್ಟಿಯ ಅಳತೆಗೆ ತಾಳೆ ಹಾಕಿ ಕಟ್ಟಿದವು. ಅಂದರೆ ಊಹೆಯ ಮೇಲೆ ಇನ್ನೊಂದು ಊಹೆ ಕೂತಿದೆ. ಮೊದಲಿನದರ ತಪ್ಪು ಎರಡನೆಯದಕ್ಕೂ ಇಳಿದು ಬರುತ್ತದೆ.

## ಟೇಪು: ಒಂದು ಸೆಂಟಿಮೀಟರಿನ ಬೆಲೆ

ಇಂದು ಅಂತರ್ಜಾಲದ ಬಹುತೇಕ ಕ್ಯಾಲ್ಕುಲೇಟರ್‌ಗಳ ಹಿಂದಿರುವುದು ಅಮೆರಿಕದ ನೌಕಾಪಡೆಗಾಗಿ ಹಾಡ್ಜ್‌ಡನ್ ಮತ್ತು ಬೆಕೆಟ್ 1984ರಲ್ಲಿ ರೂಪಿಸಿದ ಸೂತ್ರ. ಗಂಡಸರಿಗೆ ಬೇಕಾದ್ದು ಮೂರೇ ಅಳತೆ: ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ, ಕತ್ತು, ಎತ್ತರ. ಹೆಂಗಸರಿಗೆ ಹೊಟ್ಟೆಯನ್ನು ಅದು ಅತಿ ಸಣ್ಣಗಿರುವ ಮಟ್ಟದಲ್ಲಿ ಅಳೆಯಬೇಕು, ಜೊತೆಗೆ ನಿತಂಬದ ಸುತ್ತಳತೆಯೂ ಸೇರುತ್ತದೆ. ಸೆಂಟಿಮೀಟರಿನಲ್ಲಿ ಗಂಡಸರ ಸೂತ್ರ ಹೀಗಿದೆ:

```
D = 1.0324 - 0.19077*log10(waist - neck) + 0.15456*log10(height)
fat% = 495/D - 450
```

ಎರಡನೇ ಸಾಲು ಸಿರಿ ಸೂತ್ರವೇ ಎಂಬುದನ್ನು ಗಮನಿಸಿ. ಈಗ ಲೆಕ್ಕಕ್ಕೆಂದು ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳೋಣ. 39 ವರ್ಷದ ಗಂಡಸು, ಎತ್ತರ 170 ಸೆಂ.ಮೀ., ತೂಕ 72 ಕೆ.ಜಿ., ಹೊಟ್ಟೆ 92 ಸೆಂ.ಮೀ., ಕತ್ತು 37 ಸೆಂ.ಮೀ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ದಿನವಿಡೀ ಕೂತು ಕೆಲಸ ಮಾಡುವ ನಮ್ಮವರಲ್ಲಿ ಎಲ್ಲೆಲ್ಲೂ ಕಾಣುವ ಮೈಕಟ್ಟು. ಸೂತ್ರದ ಪ್ರಕಾರ ಇವರ ಕೊಬ್ಬು ಶೇ. 23.6.

ಹೊಟ್ಟೆಯ ಅಳತೆ 92ರ ಬದಲು 94 ಎಂದು ಬಂದರೆ ಉತ್ತರ ಶೇ. 25. ಟೇಪು ಬಿಗಿ ಹಿಡಿದು, ಉಸಿರು ಒಳಗೆಳೆದು 90 ಎಂದು ಬರೆದುಕೊಂಡರೆ ಶೇ. 22.2. ಒಂದು ಸೆಂಟಿಮೀಟರಿಗೆ ಮುಕ್ಕಾಲು ಅಂಶದಷ್ಟು ಅಂಕಿ ಅಲುಗುತ್ತದೆ. ಊಟದ ಮೊದಲು, ಊಟದ ನಂತರ ಅಳೆದರೆ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾಗುವುದು ದೊಡ್ಡ ಮಾತಲ್ಲ. ಕತ್ತೂ ಅಷ್ಟೇ ಸೂಕ್ಷ್ಮ: ಅಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಬರೆದರೆ ಹೊಟ್ಟೆ ಒಂದು ಸೆಂಟಿಮೀಟರ್ ಕರಗಿದಷ್ಟೇ ಫಲ. ಕತ್ತಿನ ಸ್ನಾಯು ಬೆಳೆಸಿಕೊಂಡವನ ಕೊಬ್ಬು, ಒಂದು ಗ್ರಾಂ ಇಳಿಯದಿದ್ದರೂ, ಕಾಗದದ ಮೇಲೆ ಇಳಿಯುತ್ತದೆ.

ಇದು ಅಳೆಯುವ ಕೈಯ ತಪ್ಪು. ಸೂತ್ರದ್ದೇ ತಪ್ಪು ಬೇರೆ ಇದೆ. ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಈ ಬಗೆಯ ಸೂತ್ರಗಳ ಉತ್ತರ ನೀರಿನ ತೊಟ್ಟಿಯ ಉತ್ತರದಿಂದ ಸರಾಸರಿ ಮೂರೂವರೆ ಅಂಶದಷ್ಟು ಚದುರುತ್ತದೆ. ನೂರು ಜನರನ್ನು ಅಳೆದರೆ ಸುಮಾರು ಮೂರರಲ್ಲಿ ಎರಡು ಪಾಲು ಜನರ ಅಂಕಿ ಈ ಮೂರೂವರೆ ಅಂಶದ ಒಳಗೆ ಬರುತ್ತದೆ. ಉಳಿದವರದ್ದು ಆಚೆ ಬೀಳುತ್ತದೆ, ನಾಲ್ಕೈದು ಜನರದ್ದು ಏಳು ಅಂಶ ದಾಟುತ್ತದೆ. ಸಾವಿರ ನಾವಿಕರ ಸರಾಸರಿ ತಿಳಿಯಲು ಇದು ಸಾಕು. ನೀವು ಆ ಮೂರನೇ ಒಂದು ಪಾಲಿನಲ್ಲಿದ್ದೀರಾ ಎಂದು ಸೂತ್ರ ನಿಮಗೆ ಹೇಳುವುದಿಲ್ಲ.

## ಟೇಪಿನಿಂದ ಕೆಲಸ ಹೋಗುವ ಕಡೆ

ಈ ತಪ್ಪಿಗೆ ನಿಜವಾದ ಬೆಲೆ ತೆತ್ತವರು ಅಮೆರಿಕದ ಸೈನಿಕರು. ಎತ್ತರಕ್ಕೆ ತಕ್ಕ ತೂಕದ ಪಟ್ಟಿಯನ್ನು ದಾಟಿದವರಿಗೆ ಅಲ್ಲಿ ಬಹುಕಾಲ ಟೇಪಿನ ಪರೀಕ್ಷೆ ಇತ್ತು. ಮಿತಿ ಮೀರಿ, ಕೊಟ್ಟ ಕಾಲದಲ್ಲಿ ಇಳಿಸದಿದ್ದರೆ ಬಡ್ತಿ ನಿಲ್ಲುತ್ತಿತ್ತು, ಕಡೆಗೆ ಕೆಲಸವೂ ಹೋಗಬಹುದಿತ್ತು. 2023ರಲ್ಲಿ ಅಲ್ಲಿನ ಭೂಸೇನೆ ಕತ್ತಿನ ಅಳತೆಯನ್ನು ಕೈಬಿಟ್ಟು ಹೊಟ್ಟೆ ಮತ್ತು ತೂಕ ಎರಡರಿಂದಲೇ ಲೆಕ್ಕ ಹಾಕುವ ಹೊಸ ಸೂತ್ರ ತಂದಿತು. ಟೇಪಿನಲ್ಲಿ ಸೋತವರು ಡೆಕ್ಸಾದಂತಹ ಪರೀಕ್ಷೆಯನ್ನು ಕೇಳಿ ಪಡೆಯಬಹುದು ಎಂದೂ ಸೇರಿಸಿತು. ಟೇಪಿಗಿಂತ ಮೇಲಿನದೊಂದು ಇರಬೇಕು ಎಂದು ಸೇನೆಯೇ ಒಪ್ಪಿಕೊಂಡಂತಾಯಿತು.

ನಮ್ಮ 39 ವರ್ಷದ ವ್ಯಕ್ತಿಯ ಅಳತೆಗಳನ್ನು ಆಗ ಅಲ್ಲಿಗೆ ಒಯ್ದಿದ್ದರೆ ಏನಾಗುತ್ತಿತ್ತು ನೋಡಿ. ಆ ವಯಸ್ಸಿನ ಗಂಡಸಿಗೆ ಭೂಸೇನೆಯ ಮಿತಿ ಶೇ. 24 ಇತ್ತು. ಕತ್ತು ಸೇರಿದ ಹಳೆಯ ಸೂತ್ರದಲ್ಲಿ ಇವರದು ಶೇ. 24ರ ಅಂಚಿನಲ್ಲಿ, ಪಾಸು. ಹೊಸ ಸೂತ್ರದಲ್ಲಿ ಶೇ. 26, ಫೇಲು. ಅದೇ ವರ್ಷ ಅಲ್ಲಿನ ವಾಯುಪಡೆ ಶೇಕಡಾವಾರಿನ ಗೊಡವೆಯನ್ನೇ ಬಿಟ್ಟು, ಹೊಟ್ಟೆಯ ಸುತ್ತಳತೆ ಎತ್ತರದ 0.55 ಪಟ್ಟಿಗಿಂತ ಕಡಿಮೆ ಇರಬೇಕು ಎಂಬ ನಿಯಮಕ್ಕೆ ಬಂತು. ಇವರದು 0.54, ಮತ್ತೆ ಪಾಸು. ಹೊಟ್ಟೆ ಅದೇ, ಟೇಪು ಅದೇ.

ಇದರಲ್ಲಿ ಇನ್ನೊಂದು ತಿರುವಿದೆ, ಅದು ನಮಗೆ ಹೆಚ್ಚು ಮುಖ್ಯ. 72 ಕೆ.ಜಿ.ಯ ಈ ವ್ಯಕ್ತಿಯನ್ನು ಭೂಸೇನೆಯಲ್ಲಿ ಟೇಪಿಗೆ ಕರೆಯುತ್ತಲೇ ಇರಲಿಲ್ಲ, ಏಕೆಂದರೆ ತೂಕದ ಪಟ್ಟಿಯಲ್ಲೇ ಇವರು ಆರಾಮವಾಗಿ ಪಾಸಾಗುತ್ತಿದ್ದರು. ತೂಕ ನೋಡಿ ಸೋಸುವ ಯಾವ ಜರಡಿಯಲ್ಲೂ ಸಣ್ಣ ಕೈಕಾಲಿನ, ದಪ್ಪ ಹೊಟ್ಟೆಯ ದೇಹ ಸಲೀಸಾಗಿ ಜಾರಿಹೋಗುತ್ತದೆ.

## ಕ್ಯಾಲಿಪರ್: ಚಿವುಟಿದ್ದೆಷ್ಟು, ಬಿಟ್ಟಿದ್ದೆಷ್ಟು

ಚರ್ಮದ ಕೆಳಗಿನ ಕೊಬ್ಬನ್ನು ಹೆಬ್ಬೆರಳು, ತೋರುಬೆರಳಿನಿಂದ ಮಡಿಕೆಯಾಗಿ ಎತ್ತಿ ಹಿಡಿದು, ಅದರ ದಪ್ಪವನ್ನು ಇಕ್ಕಳದಂತಹ ಕ್ಯಾಲಿಪರ್‌ನಿಂದ ಮಿಲಿಮೀಟರಿನಲ್ಲಿ ಓದುವುದು ಈ ವಿಧಾನ. ಭಾರತದ ಪೌಷ್ಟಿಕತೆಯ ಅಧ್ಯಯನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಡರ್ನಿನ್ ಮತ್ತು ವೊಮರ್ಸ್ಲಿ ಅವರ 1974ರ ಸೂತ್ರ. ತೋಳಿನ ಮುಂದೆ, ತೋಳಿನ ಹಿಂದೆ, ಬೆನ್ನಿನ ಹಲಗೆಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಹೀಗೆ ನಾಲ್ಕು ಕಡೆಯ ಮಡಿಕೆಗಳನ್ನು ಕೂಡಿಸಬೇಕು. ಅದನ್ನು ಕಟ್ಟಿದ್ದು ಗ್ಲಾಸ್ಗೋದಲ್ಲಿ, 481 ಗಂಡಸರು ಮತ್ತು ಹೆಂಗಸರ ಮೇಲೆ.

ನಮ್ಮ ವ್ಯಕ್ತಿಯ ನಾಲ್ಕು ಮಡಿಕೆಗಳು 7, 14, 24, 25 ಮಿ.ಮೀ. ಎಂದಿಟ್ಟುಕೊಳ್ಳಿ, ಮೊತ್ತ 70. ಮೂವತ್ತರಿಂದ ಮೂವತ್ತೊಂಬತ್ತರ ಗಂಡಸರ ಸೂತ್ರದಲ್ಲಿ ಇದು ಶೇ. 25.1. ಇನ್ನು ಕೆಲವು ತಿಂಗಳಲ್ಲಿ ಇವರಿಗೆ ನಲವತ್ತು ತುಂಬುತ್ತದೆ. ಹುಟ್ಟುಹಬ್ಬದ ಮರುದಿನ ಅದೇ ಮಡಿಕೆಗಳನ್ನು ನಲವತ್ತರ ಮೇಲಿನವರ ಸೂತ್ರಕ್ಕೆ ಹಾಕಿದರೆ ಬರುವುದು ಶೇ. 29.3. ಮೈಯಲ್ಲಿ ಏನೂ ಆಗಿಲ್ಲ, ಅಂಕಿ ನಾಲ್ಕು ಅಂಶ ಏರಿದೆ. ವಯಸ್ಸಾದಂತೆ ಕೊಬ್ಬು ಚರ್ಮದ ಕೆಳಗಿನಿಂದ ಹೊಟ್ಟೆಯೊಳಗೆ ಸೇರುತ್ತದೆ ಎಂಬ ಸತ್ಯವನ್ನು ಸೂತ್ರಕ್ಕೆ ಹಿಡಿಸಲು ಅವರು ವಯಸ್ಸನ್ನು ಹತ್ತು ಹತ್ತು ವರ್ಷದ ಮೆಟ್ಟಿಲುಗಳಾಗಿ ಕತ್ತರಿಸಿದ್ದರಿಂದ ಬಂದ ಫಲ ಇದು. ಜಿಮ್‌ನ ಆ್ಯಪ್‌ನಲ್ಲಿ ಹೀಗೆ ಅಂಕಿ ಏಕಾಏಕಿ ಹಾರಿದರೆ, ಊಟವನ್ನು ದೂರುವ ಮೊದಲು ಹುಟ್ಟಿದ ದಿನಾಂಕ ನೋಡಿ.

ಕ್ಯಾಲಿಪರ್‌ನ ದೊಡ್ಡ ಕೊರತೆ ಅದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ ಮುಟ್ಟಬಲ್ಲದು ಎಂಬುದು. ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ಹೆಚ್ಚು ಹತ್ತಿರದ ನಂಟಿರುವುದು ಕರುಳು, ಯಕೃತ್ತಿನ ಸುತ್ತ ಒಳಗೆ ಕೂತ ಕೊಬ್ಬಿಗೆ. ಅದನ್ನು ಚಿವುಟಲು ಆಗುವುದಿಲ್ಲ. ಸೂತ್ರ ಅದನ್ನು ಊಹಿಸಿಕೊಳ್ಳುತ್ತದೆ. ಗಟ್ಟಿಯಾಗಿ ಉಬ್ಬಿದ, ಚಿವುಟಿದರೆ ಸಿಗದ ಹೊಟ್ಟೆ ಇರುವವರಿಗೆ ಈ ಊಹೆ ಕಡಿಮೆ ಬೀಳುತ್ತದೆ.

ಎರಡನೆಯದು ಮಡಿಕೆ ಅಮುಕಿದಾಗ ಎಷ್ಟು ಕುಗ್ಗುತ್ತದೆ ಎಂಬುದು. ಬ್ರಸೆಲ್ಸ್‌ನಲ್ಲಿ ಸಂಶೋಧಕರು 25 ಶವಗಳನ್ನು ಅಳೆದು, ಬಳಿಕ ಬಿಡಿಸಿ, ಕೊಬ್ಬು ಸ್ನಾಯು ಮೂಳೆಗಳನ್ನು ಬೇರೆ ಬೇರೆ ತೂಗಿದ ಅಪರೂಪದ ಅಧ್ಯಯನವೊಂದಿದೆ. ಕ್ಯಾಲಿಪರ್‌ನ ಒತ್ತಡಕ್ಕೆ ಮಡಿಕೆ ಕುಗ್ಗುವ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ, ಒಂದೇ ದೇಹದ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ ಎಂದು ಅದು ತೋರಿಸಿತು. ಒಂದೇ ದಪ್ಪದ ಮಡಿಕೆ ಇಬ್ಬರಲ್ಲಿ ಒಂದೇ ಪ್ರಮಾಣದ ಕೊಬ್ಬನ್ನು ಹೇಳಬೇಕೆಂದಿಲ್ಲ.

ಇಷ್ಟಿದ್ದೂ ಕ್ಯಾಲಿಪರ್‌ನ್ನು ತಳ್ಳಿಹಾಕುವಂತಿಲ್ಲ. ಪಳಗಿದ ಒಂದೇ ಕೈ, ಬಲ ಬದಿಯಲ್ಲಿ ಗುರುತು ಹಾಕಿಕೊಂಡ ಅದೇ ಜಾಗ, ಪ್ರತಿ ಜಾಗದಲ್ಲೂ ಎರಡು ಮೂರು ಓದು, ಹಿಡಿದ ಎರಡು ಸೆಕೆಂಡಿನೊಳಗೆ ಮುಳ್ಳು ನೋಡುವ ಶಿಸ್ತು ಇದ್ದರೆ ಬದಲಾವಣೆಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮೊತ್ತ 70ರಿಂದ 58ಕ್ಕೆ ಇಳಿದರೆ ಚರ್ಮದ ಕೆಳಗಿನ ಕೊಬ್ಬು ಕರಗಿದೆ. ಇದಕ್ಕೆ ಯಾವ ಸೂತ್ರವೂ ಬೇಡ. ಕ್ರೀಡಾ ತರಬೇತಿಯಲ್ಲಿ ಅನುಭವಿಗಳು ಶೇಕಡಾವಾರು ಬಿಟ್ಟು ಬರೀ ಮಿಲಿಮೀಟರ್ ಮೊತ್ತವನ್ನೇ ಬರೆದಿಡುವುದು ಇದಕ್ಕೇ.

## ಜಿಮ್‌ನ 'ಬಾಡಿ ಸ್ಕ್ಯಾನ್' ಸ್ಕ್ಯಾನ್ ಅಲ್ಲ

ಬರಿಗಾಲಲ್ಲಿ ನಿಂತು, ಕೈಯಲ್ಲಿ ಹಿಡಿಕೆ ಹಿಡಿದರೆ ಒಂದು ನಿಮಿಷದಲ್ಲಿ ಬಣ್ಣಬಣ್ಣದ ಚೀಟಿ ಕೊಡುವ ಯಂತ್ರಕ್ಕೆ ಜಿಮ್‌ಗಳಲ್ಲಿ ಬಾಡಿ ಸ್ಕ್ಯಾನ್ ಎಂಬ ಹೆಸರು ನಿಂತುಬಿಟ್ಟಿದೆ. ಅದು ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ತನ್ನು ಮೈಯಲ್ಲಿ ಹರಿಸಿ ಅಡ್ಡಿ ಎಷ್ಟೆಂದು ನೋಡುತ್ತದೆ. ನೀರಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಹಾಗಾಗಿ ಅಡ್ಡಿಯಿಂದ ಮೈಯ ನೀರನ್ನು, ನೀರಿನಿಂದ ಸ್ನಾಯುವನ್ನು ಊಹಿಸಿ, ತೂಕದಲ್ಲಿ ಉಳಿದದ್ದನ್ನೆಲ್ಲ ಕೊಬ್ಬು ಎಂದು ಬರೆಯುತ್ತದೆ.

ಕೊಬ್ಬು ಇಲ್ಲಿ ಕಳೆದುಳಿದ ಬಾಕಿ ಮಾತ್ರ. ಬೆವರು ಸುರಿಸಿ ನೀರು ಕುಡಿಯದೆ ಯಂತ್ರ ಹತ್ತಿದರೆ ನೀರು ಕಡಿಮೆ ಕಂಡು ಕೊಬ್ಬು ಹೆಚ್ಚು ಬರುತ್ತದೆ. ತಿಂಗಳ ಮುಟ್ಟಿನ ಆಸುಪಾಸಿನಲ್ಲಿ ಮೈಯಲ್ಲಿ ನೀರು ನಿಂತಾಗ ಅಂಕಿ ಮತ್ತೊಂದು ಕಡೆಗೆ ಸರಿಯಬಹುದು. ಇದಕ್ಕಿಂತ ಆಳದ ತೊಡಕೂ ಒಂದಿದೆ. ಸಣ್ಣ ಕೊಳವೆಯಲ್ಲಿ ಅಡ್ಡಿ ಹೆಚ್ಚು, ದೊಡ್ಡ ಕೊಳವೆಯಲ್ಲಿ ಕಡಿಮೆ. ಕೈಕಾಲು ಸಣ್ಣ ಕೊಳವೆ, ಮುಂಡ ದೊಡ್ಡ ಕೊಳವೆ. ದೇಹದ ತೂಕದಲ್ಲಿ ಅರ್ಧದಷ್ಟು ಮುಂಡದ್ದೇ ಆದರೂ ಒಟ್ಟು ಅಡ್ಡಿಯಲ್ಲಿ ಅದರ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಅಂದರೆ ಕೊಬ್ಬು ಎಲ್ಲಿ ಗುಡ್ಡೆಯಾಗಿದೆಯೋ ಅಲ್ಲೇ ಯಂತ್ರದ ದೃಷ್ಟಿ ಮಂಜು. ಕೈಕಾಲಿಗೂ ಮುಂಡಕ್ಕೂ ಬೇರೆ ಬೇರೆ ಅಳೆಯುವ ದುಬಾರಿ ಯಂತ್ರಗಳು ಇದನ್ನು ಸ್ವಲ್ಪ ಸರಿಪಡಿಸುತ್ತವೆ. ಕಾಲಿನ ಕೆಳಗೆ ಮಾತ್ರ ಲೋಹದ ಪಟ್ಟಿ ಇರುವ ಮನೆಯ ತೂಕದ ಯಂತ್ರ ಕಾಲಿನ ಅಡ್ಡಿ ನೋಡಿ ಹೊಟ್ಟೆಯ ಮಾತು ಹೇಳುತ್ತಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಯಂತ್ರಗಳನ್ನು ಹತ್ತಲೇಬಾರದು.

## ಡೆಕ್ಸಾ ಕೂಡ ಕೊನೆಯ ಮಾತಲ್ಲ

ಡೆಕ್ಸಾ ಮೂಲತಃ ಮೂಳೆಯ ಸವೆತ ನೋಡುವ ಯಂತ್ರ. ಎರಡು ಬೇರೆ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ಹಾಯಿಸಿ, ಎರಡೂ ಎಷ್ಟೆಷ್ಟು ಕುಂದಿದವು ಎಂಬ ಅನುಪಾತದಿಂದ ಮೂಳೆ, ಕೊಬ್ಬು, ಉಳಿದ ಮೆದು ಭಾಗಗಳನ್ನು ಬೇರ್ಪಡಿಸುತ್ತದೆ. ವಿಕಿರಣ ಬಹಳ ಕಡಿಮೆ, ಹೆಚ್ಚುಕಡಿಮೆ ಒಂದು ದಿನ ಪ್ರಕೃತಿಯಿಂದಲೇ ನಮಗೆ ತಾಗುವಷ್ಟು. ಆದರೂ ಗರ್ಭಿಣಿಯರಿಗೆ ಮಾಡುವುದಿಲ್ಲ. ಟೇಪು, ಕ್ಯಾಲಿಪರ್, ಜಿಮ್ ಯಂತ್ರಗಳಿಗಿಂತ ಇದು ಕೊಬ್ಬಿಗೆ ಹತ್ತಿರ ಹೋಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಕೈ, ಕಾಲು, ಮುಂಡ ಪ್ರತ್ಯೇಕವಾಗಿ ಸಿಗುವುದೂ ದೊಡ್ಡ ಅನುಕೂಲ.

ಆದರೆ ಎರಡು ಕಿರಣದಿಂದ ಒಂದು ಬಿಂದುವಿನಲ್ಲಿ ಎರಡನ್ನಷ್ಟೇ ಬೇರ್ಪಡಿಸಬಹುದು, ಮೂರನ್ನಲ್ಲ. ಮೂಳೆ ಇಲ್ಲದ ಕಡೆ ಕೊಬ್ಬು ಮತ್ತು ಮೆದು ಭಾಗದ ಲೆಕ್ಕ ಸಿಗುತ್ತದೆ. ಮೂಳೆ ಅಡ್ಡ ಬಂದ ಕಡೆ, ಪಕ್ಕದ ಬಿಂದುಗಳಲ್ಲಿ ಎಷ್ಟು ಕೊಬ್ಬಿತ್ತೋ ಇಲ್ಲೂ ಅಷ್ಟೇ ಇರಬೇಕು ಎಂದು ಯಂತ್ರ ತುಂಬಿಕೊಳ್ಳುತ್ತದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆಗಳಿಂದ ತುಂಬಿದ ಮುಂಡದಲ್ಲಿ ಇಂತಹ ತುಂಬುವಿಕೆ ಸಾಕಷ್ಟು ಇರುತ್ತದೆ.

ಕಂಪನಿಗಳ ವ್ಯತ್ಯಾಸ ಮತ್ತೊಂದು. ಹೋಲಾಜಿಕ್ ಮತ್ತು ಜಿಇ ಲೂನಾರ್ ಈ ಕ್ಷೇತ್ರದ ಎರಡು ದೊಡ್ಡ ಹೆಸರು. ಒಂದೇ ದೇಹಕ್ಕೆ ಎರಡೂ ಒಂದೇ ಅಂಕಿ ಕೊಡುವುದಿಲ್ಲ. ಹೋಲಾಜಿಕ್‌ನ ಒಂದು ಮಾದರಿಯ ಯಂತ್ರ ಕೊಬ್ಬನ್ನು ಕಡಿಮೆ ತೋರಿಸುತ್ತದೆ ಎಂದು 2005ರಲ್ಲಿ ಪ್ರಕಟವಾದ ತುಲನೆಯೊಂದು ಕಂಡುಕೊಂಡಿತು. ಮೆದು ಭಾಗದ ಶೇ. 5ನ್ನು ಕೊಬ್ಬಿಗೆ ವರ್ಗಾಯಿಸಬೇಕು ಎಂಬ ತಿದ್ದುಪಡಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ದತ್ತಾಂಶಕ್ಕೆ ಅನ್ವಯವಾಯಿತು. ನಂತರ ಅದು ತಂತ್ರಾಂಶದಲ್ಲಿ ಬೇಕಾದರೆ ಹಾಕಿಕೊಳ್ಳಬಹುದಾದ, ಬೇಡವಾದರೆ ಬಿಡಬಹುದಾದ ಆಯ್ಕೆಯಾಗಿ ಬಂತು.

ಆ ಒಂದು ಆಯ್ಕೆಯ ಫಲ ಎಷ್ಟು? ನಮ್ಮ ವ್ಯಕ್ತಿಗೆ ತಿದ್ದುಪಡಿ ಇಲ್ಲದೆ 18.7 ಕೆ.ಜಿ. ಕೊಬ್ಬು, 50.8 ಕೆ.ಜಿ. ಮೆದು ಭಾಗ, 2.5 ಕೆ.ಜಿ. ಮೂಳೆಯ ಖನಿಜ ಬಂದಿತು ಎನ್ನೋಣ. ಕೊಬ್ಬು ಶೇ. 26. ತಿದ್ದುಪಡಿ ಹಾಕಿದರೆ ಎರಡೂವರೆ ಕೆ.ಜಿ. ಈಚೆಯಿಂದ ಆಚೆ ಹೋಗಿ ಕೊಬ್ಬು ಶೇ. 29.5 ಆಗುತ್ತದೆ. ಮೇಜಿನಿಂದ ಮೈ ಎತ್ತಿಲ್ಲ, ಎರಡನೇ ಸ್ಕ್ಯಾನ್ ಆಗಿಲ್ಲ, ಮೂರೂವರೆ ಅಂಶ ಏರಿಬಿಟ್ಟಿದೆ. ರೋಗಿಯ ಕೈಗೆ ಬರುವ ವರದಿಯಲ್ಲಿ ಈ ಆಯ್ಕೆಯ ವಿಷಯ ದಪ್ಪ ಅಕ್ಷರದಲ್ಲಿ ಇರಬೇಕಿತ್ತು; ಅದಿಲ್ಲದೆ ಶೇಕಡಾವಾರು ಅಂಕಿಯೊಂದನ್ನೇ ಕೊಡುವುದು ಅರ್ಧ ವರದಿ ಎಂದೇ ನನ್ನ ಅಭಿಪ್ರಾಯ.

ಡೆಕ್ಸಾ ಹೇಳುವ ಮೆದು ಭಾಗ ಎಂದರೆ ಸ್ನಾಯು ಮಾತ್ರ ಎಂದು ತಿಳಿಯುವುದೂ ತಪ್ಪು. ನೀರು, ಅಂಗಾಂಗಗಳು, ಹೊಟ್ಟೆಯಲ್ಲಿರುವ ಅನ್ನ ಎಲ್ಲವೂ ಅದರಲ್ಲಿ ಸೇರಿವೆ. ಒಂದು ಲೀಟರ್ ನೀರು ಕುಡಿದು ಮಲಗಿದರೆ ಒಂದು ಕೆ.ಜಿ. ಮೆದು ಭಾಗ ಹೆಚ್ಚಾಗುತ್ತದೆ. 2025ರ ಮಾರ್ಚ್‌ನಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದು ಭಾರತಕ್ಕೆ ಬಂದ ಮೇಲೆ 'ಇಳಿದದ್ದು ಕೊಬ್ಬೋ ಸ್ನಾಯುವೋ' ಎಂಬ ಪ್ರಶ್ನೆಗೆ ಡೆಕ್ಸಾದ ಮೊರೆ ಹೋಗುವವರಿಗೆ ಈ ಎಚ್ಚರ ಬೇಕೇಬೇಕು.

## ಭಾರತೀಯ ದೇಹದ ತಕರಾರು

ಬೇರೆಯವರ ಮೇಲೆ ಕಟ್ಟಿದ ಸೂತ್ರ ನಮಗೆ ಏಕೆ ಸರಿಹೊಂದುವುದಿಲ್ಲ ಎಂಬುದಕ್ಕೆ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚಾದ ಒಂದು ಪುಟ್ಟ ಬರಹಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಫೋಟೋ, ತಮ್ಮಿಬ್ಬರದೇ ಅಳತೆ ಕೊಟ್ಟರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಅದೇ ತೂಕದಲ್ಲಿ ಭಾರತೀಯನಿಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದೂ ಮುಂಡದಲ್ಲಿ ಹೆಚ್ಚು.

ಹೀಗಿರುವಾಗ ತೂಕ, ಎತ್ತರ, ವಯಸ್ಸನ್ನು ಒಳಗೆ ಹಾಕಿ ಪಾಶ್ಚಾತ್ಯ ದೇಹದ ರೂಢಿಯಲ್ಲಿ ಲೆಕ್ಕ ಹಾಕುವ ಯಂತ್ರ ನಮ್ಮ ಕೊಬ್ಬನ್ನು ಕಡಿಮೆ ಹೇಳುವ ಸಂಭವ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ದೇಹದ ಮೇಲೆಯೇ ಈ ಸರಳ ವಿಧಾನಗಳನ್ನು ಒರೆಗೆ ಹಚ್ಚುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ. ಅಂತಹ ಸೂತ್ರಗಳು ಸಂಶೋಧನೆಯಲ್ಲಿವೆ. ಅಂಗಡಿಯಲ್ಲಿ ಮಾರಾಟವಾಗುವ ಯಂತ್ರದೊಳಗೆ ಯಾವ ಸೂತ್ರವಿದೆ ಎಂಬುದು ಮಾತ್ರ ಬಹುಪಾಲು ಕಂಪನಿಯ ಗುಟ್ಟು.

## ಯಾರ ವಾದ ಏನು

ಒಂದು ಕಡೆಯವರು ಕೊಬ್ಬನ್ನೇ ಅಳೆಯಬೇಕು ಎನ್ನುತ್ತಾರೆ. ಬಿಎಂಐ ಸ್ನಾಯುವಿರುವವನನ್ನು ದಪ್ಪ ಎನ್ನುತ್ತದೆ, ಹೊಟ್ಟೆ ಬಂದ ತೆಳ್ಳಗಿನವನನ್ನು ಆರೋಗ್ಯವಂತ ಎನ್ನುತ್ತದೆ ಎಂಬ ಅವರ ದೂರು ನ್ಯಾಯವಾದದ್ದೇ. ಇನ್ನೊಂದು ಕಡೆಯವರ ಪ್ರಶ್ನೆ: ಅಳೆದು ಏನು ಮಾಡುತ್ತೀರಿ? ಗಂಡಸರಿಗೆ ಶೇ. 25, ಹೆಂಗಸರಿಗೆ 30 ಅಥವಾ 35 ಎಂಬ ಗಡಿಗಳು ಬಳಕೆಯಲ್ಲಿದ್ದರೂ ಎಲ್ಲರೂ ಒಪ್ಪಿದ ಗಡಿ ಇಲ್ಲ. ಇದ್ದರೂ ನಮ್ಮ ವ್ಯಕ್ತಿ ಟೇಪಿನಲ್ಲಿ ಅದರ ಕೆಳಗೆ, ಕ್ಯಾಲಿಪರ್‌ನಲ್ಲಿ ಅದರ ಮೇಲೆಯೇ, ಡೆಕ್ಸಾದಲ್ಲಿ ಅದರ ಆಚೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡೆಕ್ಸಾ ಇರುವುದಿಲ್ಲ, ಟೇಪು ಇರುತ್ತದೆ.

ಎರಡನೆಯವರ ಮಾತಿನಲ್ಲಿ ತೂಕ ಹೆಚ್ಚು ಎಂದು ನನಗನ್ನಿಸುತ್ತದೆ, ಒಂದು ಕಾರಣಕ್ಕೆ. ಹೊಟ್ಟೆಯ ಸುತ್ತಳತೆಯನ್ನು ಶೇಕಡಾವಾರಿಗೆ ಬದಲಿಸುವ ಹೆಜ್ಜೆಯಲ್ಲೇ ತಪ್ಪು ನುಸುಳುವುದು. ಬದಲಿಸದೆ ಬಿಟ್ಟರೆ ಅದೇ ಸುತ್ತಳತೆ ಸ್ವತಃ ರೋಗದ ಅಪಾಯವನ್ನು ಸೂಚಿಸುವ ಒಳ್ಳೆಯ ಅಳತೆ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂಬ ಎಚ್ಚರಿಕೆಯ ಗೆರೆ ನಮ್ಮ ವೈದ್ಯರ ಬಳಕೆಯಲ್ಲಿದೆ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಇನ್ನೂ ಸರಳ ನಿಯಮವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಸೇರಿಸಿಕೊಂಡಿತು.

ಆದರೆ ಈ ಗೆರೆಗಳಿಗೆ ಅಳೆಯುವ ಜಾಗ ಹೊಕ್ಕುಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಟ್ಟನಡುವೆ. ಬಟ್ಟೆ ಸರಿಸಿ, ನೇರ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪು ಸುತ್ತಲೂ ನೆಲಕ್ಕೆ ಸಮವಾಗಿರುವಂತೆ, ಚರ್ಮಕ್ಕೆ ತಾಗಿ ಒತ್ತದಂತೆ ಹಿಡಿಯಬೇಕು. ಪ್ಯಾಂಟಿನ ಅಳತೆ ಇದಲ್ಲ: 34 ಇಂಚಿನ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವವರ ಸೊಂಟ 38 ಇಂಚು ಇರಬಹುದು. ಹೊಲಿಗೆಯ ಬಟ್ಟೆ ಟೇಪು ಹಳತಾದಂತೆ ಹಿಗ್ಗುತ್ತದೆ, ಉಕ್ಕಿನ ಅಳತೆಪಟ್ಟಿಗೆ ತಾಳೆ ನೋಡಿಕೊಳ್ಳಿ.

## ಮುಂದೆ ಏನಾಗಬಹುದು

ಮಾರ್ಗಸೂಚಿಗಳು ಬದಲಾದಂತೆ ಸ್ಕ್ಯಾನ್‌ಗಳ ಮಾರಾಟ ಹೆಚ್ಚುವುದು ಖಂಡಿತ. ಒಬ್ಬರೇ ಈ ತಿಂಗಳು ಒಂದು ಲ್ಯಾಬು, ಮುಂದಿನ ತಿಂಗಳು ರಿಯಾಯಿತಿ ಇರುವ ಇನ್ನೊಂದು ಲ್ಯಾಬಿಗೆ ಹೋಗಿ ಯಂತ್ರಗಳ ವ್ಯತ್ಯಾಸವನ್ನೇ ತಮ್ಮ ದೇಹದ ಬದಲಾವಣೆ ಎಂದು ನಂಬುವುದೂ ಹೆಚ್ಚಬಹುದು. ಚಿಕಿತ್ಸೆ ಫಲಿಸುತ್ತಿಲ್ಲ ಎಂದು ಔಷಧಿ ಬಿಡುವುದು, ಇಲ್ಲವೇ ಬಾರದ ಫಲವನ್ನು ಬಂತೆಂದು ತಿಳಿಯುವುದು ಇದರ ನೇರ ಪರಿಣಾಮ.

ಡೆಕ್ಸಾದ ಪುನರಾವರ್ತನೆಗೂ ಮಿತಿಯಿದೆ. ಅದೇ ಯಂತ್ರದಲ್ಲಿ ಅದೇ ದಿನ ಎರಡು ಸಲ ಮಲಗಿಸಿದರೂ ಅಂಕಿ ಸ್ವಲ್ಪ ಅಲುಗುತ್ತದೆ. ಶೇ. 26 ಕೊಬ್ಬಿರುವವರಲ್ಲಿ ಸುಮಾರು ಒಂದೂವರೆ ಅಂಶಕ್ಕಿಂತ ಕಡಿಮೆ ಬದಲಾವಣೆಯನ್ನು ಬದಲಾವಣೆ ಎಂದು ಎಣಿಸದಿರುವುದು ಕ್ಷೇಮ. ತಿಂಗಳಿಗೊಂದು ಸ್ಕ್ಯಾನ್ ಮಾಡಿಸಿದರೆ ಹೆಚ್ಚಾಗಿ ಈ ಅಲುಗಾಟವನ್ನೇ ಅಳೆದಂತಾಗುತ್ತದೆ. ಮೂರು ನಾಲ್ಕು ತಿಂಗಳ ಅಂತರ, ಬೆಳಿಗ್ಗೆ ಖಾಲಿ ಹೊಟ್ಟೆ, ಅದೇ ಲ್ಯಾಬು, ಅದೇ ಯಂತ್ರ, ಅದೇ ತಂತ್ರಾಂಶದ ಆಯ್ಕೆ ಇದ್ದಾಗ ಮಾತ್ರ ಎರಡು ವರದಿಗಳನ್ನು ಪಕ್ಕಪಕ್ಕ ಇಡಬಹುದು.

ನಮ್ಮ ವ್ಯಕ್ತಿ ನಾಲ್ಕು ತಿಂಗಳಲ್ಲಿ 72ರಿಂದ 67 ಕೆ.ಜಿ.ಗೆ ಇಳಿದರು ಎಂದುಕೊಳ್ಳಿ. ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ 92ರಿಂದ 87, ಕತ್ತು 37ರಿಂದ 36.5 ಸೆಂ.ಮೀ. ನೌಕಾಪಡೆಯ ಸೂತ್ರ ಶೇ. 23.6ರಿಂದ 20.4ಕ್ಕೆ ಬಂತು. ಅದೇ ಡೆಕ್ಸಾ ಯಂತ್ರದಲ್ಲಿ 18.7 ಕೆ.ಜಿ. ಇದ್ದ ಕೊಬ್ಬು 15.4 ಕೆ.ಜಿ. ಆಗಿ, ಶೇ. 26ರಿಂದ 23ಕ್ಕೆ ಇಳಿಯಿತು. ಕೊಬ್ಬು ಎಷ್ಟಿದೆ ಎಂಬುದರಲ್ಲಿ ಎರಡಕ್ಕೂ ಇಂದಿಗೂ ರಾಜಿಯಾಗಿಲ್ಲ, ಆದರೆ ಎಷ್ಟು ಇಳಿಯಿತು ಎಂಬುದರಲ್ಲಿ ಎರಡೂ ಮೂರು ಅಂಶದ ಆಸುಪಾಸಿನಲ್ಲೇ ಇವೆ. ಟೇಪಿನ ಓದಿಗೆ ಯಾವ ಖರ್ಚೂ ಇಲ್ಲ. 170 ಸೆಂ.ಮೀ. ಎತ್ತರದ ಅರ್ಧ 85. ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆದಾಗಲೂ 87 ಬಂದರೆ, ಇವರ ಹೊಟ್ಟೆ ಇನ್ನೂ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯಬೇಕು.